ಫ್ರಿಜ್ಜಿನ ಪೈಪು ಕತ್ತರಿಸುವ ಮುಂಚೆ ವಾರಂಟಿ ಕಾರ್ಡು ಓದಿ

2025ರ ಜನವರಿಯಲ್ಲಿ ಒಂದು ಬೆಳಿಗ್ಗೆ ಅರಸೀಕೆರೆಯಿಂದ ಅತ್ತಿಗೆಯ ಫೋನು. ಫ್ರಿಜ್ಜು ತಣ್ಣಗಾಗುತ್ತಿಲ್ಲ, ರಾತ್ರಿ ಇಟ್ಟ ಹಾಲು ಒಡೆದಿದೆ. ಬೀದಿ ಕೊನೆಯ ಅಂಗಡಿಯ ಹುಡುಗ ಆಗಲೇ ಬಂದು ಫ್ರಿಜ್ಜಿನ ಹಿಂದೆ ಕೂತಿದ್ದಾನೆ. "ಗ್ಯಾಸ್ ಹೋಗಿದೆ, ತುಂಬಿಸ್ತೀನಿ ಅಂತಿದ್ದಾನೆ. ತುಂಬಿಸಿಬಿಡ್ಲಾ?"

"ಅವನಿಗೆ ಕಾಫಿ ಕೊಟ್ಟು ಕಳಿಸಿ ಅತ್ತಿಗೆ. ಮೊದಲು ಬಿಲ್ಲು, ಕಾರ್ಡು ಹುಡುಕಿ" ಅಂದೆ.

ಹುಡುಗನ ಮೇಲೆ ನನಗೆ ಅನುಮಾನವೇನೂ ಇರಲಿಲ್ಲ. ಆದರೆ ಗ್ಯಾಸ್ ತುಂಬಿಸಬೇಕಾದರೆ ಕಂಪ್ರೆಸರಿನಿಂದ ಹೊರಬಂದಿರುವ ಗೇಣುದ್ದದ ತಾಮ್ರದ ಪೈಪನ್ನು ಕತ್ತರಿಸಬೇಕು. ಕಾರ್ಖಾನೆಯಲ್ಲಿ ಅದರ ತುದಿಯನ್ನು ಅದುಮಿ ಬೆಸುಗೆ ಹಾಕಿರುತ್ತಾರೆ. ಒಮ್ಮೆ ಕತ್ತರಿಸಿ ಬೇರೆ ವಾಲ್ವು ಕೂರಿಸಿದರೆ, ಕಂಪನಿಯ ಟೆಕ್ನೀಷಿಯನ್ ಬಂದ ಕೂಡಲೇ ನೋಡುವುದು ಅದನ್ನೇ. "ಹೊರಗಿನವರು ಬಿಚ್ಚಿದ್ದಾರೆ" ಎಂದು ಒಂದು ಸಾಲು ಬರೆದರೆ ಹತ್ತು ವರ್ಷದ ವಾರಂಟಿ ಅಲ್ಲಿಗೆ ಮುಗಿಯಿತು.

ಮೊದಲು ತಾರೀಖು

ವಾರಂಟಿಯ ಲೆಕ್ಕ ಸಾಮಾನ್ಯವಾಗಿ ಬಿಲ್ಲಿನ ತಾರೀಖಿನಿಂದ ಶುರುವಾಗುತ್ತದೆ. ಫ್ರಿಜ್ಜು ಮನೆಗೆ ಬಂದ ದಿನವನ್ನಾಗಲಿ, ಪ್ಲಗ್ ಹಾಕಿದ ದಿನವನ್ನಾಗಲಿ ಕಾರ್ಡು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ. ಅತ್ತಿಗೆಯ ಫ್ರಿಜ್ಜು ಆಯುಧಪೂಜೆಯ ದಿನ, 14 ಅಕ್ಟೋಬರ್ 2021ರಂದು ಕೊಂಡದ್ದು. ಕಾರ್ಡಿನಲ್ಲಿ ಅಂಗಡಿಯ ಮೊಹರು ಇತ್ತು, ತಾರೀಖಿನ ಜಾಗ ಖಾಲಿ. ಇದು ಎಲ್ಲ ಮನೆಯ ಕಥೆ. ಹಾಗಾಗಿ ಕಾರ್ಡಿಗಿಂತ ಬಿಲ್ಲೇ ಮುಖ್ಯ. ಇವರ ಬಿಲ್ಲು ಸಣ್ಣ ಯಂತ್ರದಲ್ಲಿ ಬರುವ ನುಣುಪು ಕಾಗದದ್ದು, ಅಕ್ಷರವೆಲ್ಲ ಅಳಿಸಿಹೋಗಿತ್ತು. ಅಂಗಡಿಗೆ ಹೋಗಿ ಫೋನ್ ನಂಬರ್ ಹೇಳಿದಾಗ ಕಂಪ್ಯೂಟರಿನಿಂದ ಇನ್ನೊಂದು ಪ್ರತಿ ತೆಗೆದುಕೊಟ್ಟರು. ಅಂಥ ಬಿಲ್ಲು ನಿಮ್ಮಲ್ಲಿದ್ದರೆ ಇವತ್ತೇ ಒಂದು ಫೋಟೋ ತೆಗೆದಿಡಿ.

ಬಿಲ್ಲಿನಲ್ಲಿರುವ ಸೀರಿಯಲ್ ನಂಬರನ್ನು ಫ್ರಿಜ್ಜಿನ ಸ್ಟಿಕ್ಕರಿನ ಜೊತೆ ಹೋಲಿಸಿ. ಸ್ಟಿಕ್ಕರು ಒಳಗೋಡೆಯಲ್ಲೋ ಹಿಂಬದಿಯಲ್ಲೋ ಇರುತ್ತದೆ. ಒಂದು ಅಂಕಿ ಬೇರೆ ಇದ್ದರೂ ಅಂಗಡಿಯವರಿಂದಲೇ ತಿದ್ದಿಸಿಕೊಳ್ಳುವುದು ಒಳ್ಳೆಯದು.

ಕೂಡಿಸುವ ಗುರುತಿನ ಆಚೆ ಈಚೆ

ಫ್ರಿಜ್ಜಿನ ಬಾಗಿಲ ಮೇಲೆ ದೊಡ್ಡದಾಗಿ "10 ವರ್ಷ" ಎಂದು ಅಂಟಿಸಿರುತ್ತಾರೆ. ಕಾರ್ಡಿನ ಒಳಗೆ ಅದೇ ಮಾತು "1 + ಕಂಪ್ರೆಸರಿಗೆ 9" ಎಂದೋ, "1 ವರ್ಷ ಸಮಗ್ರ, 10 ವರ್ಷ ಕಂಪ್ರೆಸರ್" ಎಂದೋ ಇರುತ್ತದೆ. ಮೊದಲ ವರ್ಷ ಹೆಚ್ಚುಕಡಿಮೆ ಎಲ್ಲಕ್ಕೂ ರಕ್ಷಣೆ: ಭಾಗ, ಕೂಲಿ, ಗ್ಯಾಸು. ಆಮೇಲೆ ಉಳಿಯುವುದು ಕಂಪ್ರೆಸರ್ ಎಂಬ ಆ ಒಂದು ಕಬ್ಬಿಣದ ಡಬ್ಬಿ ಮಾತ್ರ. ಅತ್ತಿಗೆಯ ಕಾರ್ಡಿನ ಪ್ರಕಾರ ಸಮಗ್ರ ವಾರಂಟಿ 13 ಅಕ್ಟೋಬರ್ 2022ಕ್ಕೆ ಮುಗಿದಿತ್ತು, ಕಂಪ್ರೆಸರಿನದು 13 ಅಕ್ಟೋಬರ್ 2031ರವರೆಗೆ ಇತ್ತು.

ಇನ್ವರ್ಟರ್ ಫ್ರಿಜ್ಜು ಇದ್ದವರು ಇಲ್ಲಿ ಇನ್ನೊಂದು ಸಾಲು ಹುಡುಕಬೇಕು. ಅದರಲ್ಲಿ ಕಂಪ್ರೆಸರನ್ನು ಓಡಿಸುವುದು ಒಂದು ಎಲೆಕ್ಟ್ರಾನಿಕ್ ಬೋರ್ಡು. ಬೋರ್ಡು ಸುಟ್ಟರೂ ಕಂಪ್ರೆಸರ್ ಓಡುವುದಿಲ್ಲ, ಮನೆಯವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಬೋರ್ಡಿನ ಹೆಸರು ಕಾರ್ಡಿನಲ್ಲಿ ಬೇರೆಯಾಗಿ ಬರೆದಿಲ್ಲವಾದರೆ, ಹತ್ತು ವರ್ಷದ ಮಾತು ಅದಕ್ಕೆ ಹೊಂದುವುದಿಲ್ಲ ಎಂದೇ ತಿಳಿಯಿರಿ. ಹಳೆಯ ಮಾದರಿಯಲ್ಲಿ ರಿಲೇ ಮತ್ತು ಓವರ್‌ಲೋಡ್ ಎಂಬ ಸಣ್ಣ ಭಾಗಗಳು ಕೈಕೊಟ್ಟಾಗಲೂ ಹೀಗೇ. ಕಂಪ್ರೆಸರ್ ಗುಂಯ್ ಎಂದು, ಟಕ್ ಎಂದು ನಿಂತು, ಕೆಲವು ನಿಮಿಷಕ್ಕೊಮ್ಮೆ ಮತ್ತೆ ಅದನ್ನೇ ಮಾಡುತ್ತಿದ್ದರೆ ರಿಲೇ ಕೆಟ್ಟಿರಬಹುದು, ವೋಲ್ಟೇಜು ಕಡಿಮೆಯೂ ಇರಬಹುದು. ಆದ್ದರಿಂದ ಟೆಕ್ನೀಷಿಯನ್ "ಕಂಪ್ರೆಸರ್ ಹೋಗಿದೆ" ಎಂದರೆ, ರಿಲೇ ಅಥವಾ ಬೋರ್ಡನ್ನು ಪರೀಕ್ಷಿಸಿದಿರಾ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಸಣ್ಣ ಅಕ್ಷರದ ಪುಟ

ಯಾವುದಕ್ಕೆ ವಾರಂಟಿ ಇಲ್ಲ ಎಂಬ ಪಟ್ಟಿ ಕಾರ್ಡಿನ ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತದೆ. ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದಿ. ಗಾಜಿನ ತಟ್ಟೆ, ಬಲ್ಬು, ಪ್ಲಾಸ್ಟಿಕ್, ಬಾಗಿಲ ರಬ್ಬರು ಇತ್ಯಾದಿ ಇದ್ದೇ ಇರುತ್ತವೆ, ಅವಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಮನಿಸಬೇಕಾದ್ದು ಕಾರಣಗಳನ್ನು. ವೋಲ್ಟೇಜ್ ಏರಿಳಿತ, ಇಲಿ ಕಡಿದ ವೈರು, ಅಧಿಕೃತರಲ್ಲದವರ ರಿಪೇರಿ, ಕಿತ್ತುಹೋದ ಸೀರಿಯಲ್ ಸ್ಟಿಕ್ಕರ್, ವಾಣಿಜ್ಯ ಬಳಕೆ. ಕೊನೆಯದು ಬಹಳ ಜನರನ್ನು ಹಿಡಿಯುತ್ತದೆ. ಮನೆಯ ಮುಂದಿನ ಕೋಣೆಯಲ್ಲಿ ಜ್ಯೂಸ್ ಅಂಗಡಿ ಇಟ್ಟು ಅದೇ ಫ್ರಿಜ್ಜು ಬಳಸುತ್ತಿದ್ದರೆ ಕಂಪನಿ ಇಲ್ಲ ಎನ್ನಬಹುದು.

ನಗರಸಭೆ ಎಲ್ಲೆಯ ಆಚೆಗೆ ಪ್ರಯಾಣದ ಖರ್ಚು ಗ್ರಾಹಕರದು ಎಂಬ ಸಾಲೂ ಕೆಲವು ಕಾರ್ಡುಗಳಲ್ಲಿದೆ. ಹಳ್ಳಿಯವರು ಅದನ್ನು ಕರೆ ಮಾಡುವ ಮುಂಚೆಯೇ ನೋಡಿಕೊಳ್ಳಿ.

ಕರೆ, ನಂಬರು, ಅಂದಾಜು

ದೂರನ್ನು ಕಾರ್ಡಿನಲ್ಲಿರುವ ನಂಬರಿಗೇ ಮಾಡಿ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಸಿಗುವ "ಸರ್ವಿಸ್ ಸೆಂಟರ್" ಎಷ್ಟೋ ಸಲ ಕಂಪನಿಯದೇ ಆಗಿರುವುದಿಲ್ಲ, ಅವರು ಬಿಚ್ಚಿದರೂ ಹೊರಗಿನವರು ಬಿಚ್ಚಿದ ಲೆಕ್ಕವೇ. ದೂರಿನ ಸಂಖ್ಯೆ ಬರೆದುಕೊಳ್ಳಿ. ಮನೆಗೆ ಬಂದು ನೋಡುವುದಕ್ಕೆ ವಿಸಿಟ್ ಚಾರ್ಜ್ ಎಷ್ಟು, ರಿಪೇರಿ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರಾ ಎಂದು ಫೋನಿನಲ್ಲೇ ಕೇಳಿ.

ಅತ್ತಿಗೆಯ ಮನೆಗೆ ಮೂರನೇ ದಿನ ಟೆಕ್ನೀಷಿಯನ್ ಬಂದ. ರಿಲೇ ಸರಿ ಇತ್ತು, ಕಂಪ್ರೆಸರೇ ಹೋಗಿತ್ತು. "ವಾರಂಟಿಯಲ್ಲಿದೆ, ಫ್ರೀ" ಎಂದವನೇ ಬರೆದುಕೊಟ್ಟ ಅಂದಾಜು ಹೀಗಿತ್ತು: ಕಂಪ್ರೆಸರ್ ಸೊನ್ನೆ, ಗ್ಯಾಸ್ ಚಾರ್ಜಿಂಗ್ 2,200 ರೂಪಾಯಿ, ಫಿಲ್ಟರ್ 300, ಕೂಲಿ 900. ಶೇ 18ರಷ್ಟು ಜಿಎಸ್‌ಟಿ ಸೇರಿ 4,012. ಅತ್ತಿಗೆಗೆ ಸಿಟ್ಟು ಬಂತು. ಕಾರ್ಡು ತೆಗೆದು ನೋಡಿದರೆ, ಮೊದಲ ವರ್ಷದ ನಂತರ ಗ್ಯಾಸು, ಕೂಲಿ ಗ್ರಾಹಕರದು ಎಂದು ಬರೆದೇ ಇತ್ತು. ಫಿಲ್ಟರ್ ಬದಲಿಸುವುದೂ ಸರಿಯೇ, ಪೈಪು ಬಿಚ್ಚಿದ ಮೇಲೆ ಹಳೆಯದನ್ನು ಬಿಟ್ಟರೆ ಒಳಗೆ ಸೇರಿದ ತೇವ ಹೊಸ ಕಂಪ್ರೆಸರಿಗೂ ಕುತ್ತು. ಕಂಪ್ರೆಸರನ್ನೂ ಕಾಸು ಕೊಟ್ಟು ಕೊಳ್ಳಬೇಕಾಗಿದ್ದರೆ ಮೊತ್ತ ಎಲ್ಲಿಗೋ ಹೋಗುತ್ತಿತ್ತು. ಕಾರ್ಡಿನಲ್ಲಿ ಇಲ್ಲದ ಬಾಬತ್ತು ಸೇರಿಸಿದ್ದರೆ ಮಾತ್ರ ಅಲ್ಲೇ ಪ್ರಶ್ನಿಸಬೇಕು.

ವಾರಂಟಿ ಇಲ್ಲ ಎಂದರೆ ಬಾಯಿಮಾತಿಗೆ ಒಪ್ಪಬೇಡಿ. ಯಾವ ಷರತ್ತಿನ ಪ್ರಕಾರ ಇಲ್ಲ ಎಂದು ಜಾಬ್ ಶೀಟಿನಲ್ಲಿ ಬರೆಸಿಕೊಳ್ಳಿ. "ವೋಲ್ಟೇಜ್ ಸಮಸ್ಯೆ" ಎಂದರೆ ಅಳತೆ ಎಷ್ಟು ಬಂತು ಎಂದೂ ಬರೆಯಲಿ. ಆ ಕಾಗದ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗ ಮಾತಿಗೆ ಆಧಾರವಿರುತ್ತದೆ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ವಸ್ತುವಿಗೆ ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಅದಕ್ಕೆ ಶುಲ್ಕವಿಲ್ಲ.

ರಿಪೇರಿ ಮುಗಿದ ಮೇಲೆ ಸಹಿ ಮಾಡುವ ಮುಂಚೆ ಹೊಸ ಕಂಪ್ರೆಸರಿನ ಸೀರಿಯಲ್ ನಂಬರ್ ಜಾಬ್ ಶೀಟಿನಲ್ಲಿದೆಯೇ ನೋಡಿ. ಸಾಮಾನ್ಯವಾಗಿ ಹೊಸ ಭಾಗಕ್ಕೆ ಹೊಸದಾಗಿ ಹತ್ತು ವರ್ಷ ಸಿಗುವುದಿಲ್ಲ, ಹಳೆಯ ಅವಧಿಯಲ್ಲಿ ಉಳಿದಷ್ಟೇ ಅದಕ್ಕೂ. ಅತ್ತಿಗೆ ಆ ನಂಬರನ್ನೂ 2031 ಎಂಬುದನ್ನೂ ಚೀಟಿಯಲ್ಲಿ ಬರೆದು ಫ್ರಿಜ್ಜಿನ ಪಕ್ಕಕ್ಕೆ ಅಂಟಿಸಿದ್ದಾರೆ, ಹಾಲಿನವನ ಲೆಕ್ಕದ ಚೀಟಿಯ ಕೆಳಗೆ.