ನೀರಿನ ಟ್ಯಾಂಕಿನ ನಾಲ್ಕು ಕಂಬಗಳು

ಮಂಡ್ಯ ಜಿಲ್ಲೆಯ ಪಾಂಡವಪುರದ ಸಮೀಪ ಕಬ್ಬು ಬೆಳೆಗಾರರೊಬ್ಬರು ತಮ್ಮ ಆಲೆಮನೆಯ ಪಕ್ಕದಲ್ಲಿ 5000 ಲೀಟರಿನ ನೀರಿನ ಟ್ಯಾಂಕಿಗಾಗಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದ್ದರು. ಟ್ಯಾಂಕು ಅರ್ಧ ತುಂಬುವಷ್ಟರಲ್ಲಿ ಸ್ಟ್ಯಾಂಡ್ ಒಂದು ಕಡೆಗೆ ವಾಲಿದಂತೆ ಕಂಡದ್ದರಿಂದ, ಕಟ್ಟಡಗಳ ಲೆಕ್ಕ ಮಾಡುವ ನನ್ನನ್ನು ಕರೆಸಿದರು. ನಾನು ಮುಟ್ಟುವ ಮೊದಲೇ ಅವರು, "ಪೈಪು ತೆಳು ಆಯ್ತು ಅಂತಾರೆ ಸಾರ್, ದಪ್ಪಂದು ಹಾಕಿಸ್ಬಿಡ್ಲಾ?" ಎಂದು ಕೇಳಿದರು.

ಪೈಪು ಹೊರ ವ್ಯಾಸ 88.9 ಮಿ.ಮೀ., ಗೋಡೆಯ ದಪ್ಪ 4 ಮಿ.ಮೀ. ಇದ್ದಂಥದ್ದು. ಕಂಬದ ಎತ್ತರ 3.6 ಮೀಟರ್. ತುಂಬಿದ ಟ್ಯಾಂಕು ಮತ್ತು ಚೌಕಟ್ಟಿನ ಭಾರ ನಾಲ್ಕಕ್ಕೂ ಹಂಚಿಕೆಯಾದರೆ ಒಂದೊಂದು ಕಂಬಕ್ಕೆ ಸುಮಾರು 13 ಕಿಲೋನ್ಯೂಟನ್ ಬರುತ್ತದೆ. ಬರಿಯ ಒತ್ತಡದಿಂದ ಆ ಉಕ್ಕು ಮಣಿಯಬೇಕಾದರೆ 250 ಕಿಲೋನ್ಯೂಟನ್ನಿಗೂ ಹೆಚ್ಚು ಬೇಕು. ಆದ್ದರಿಂದ ತೊಂದರೆ ಉಕ್ಕಿನ ಬಲದಲ್ಲಿರಲಿಲ್ಲ. ಕಂಬದ ಎರಡು ತುದಿಗಳನ್ನು ಹಿಡಿದಿಟ್ಟ ರೀತಿಯಲ್ಲಿತ್ತು.

ಉದ್ದನೆಯ ಕಂಬ ಎಷ್ಟು ಭಾರಕ್ಕೆ ಬಾಗಿ ಬೀಳುತ್ತದೆ ಎಂಬುದನ್ನು ಆಯ್ಲರ್ ಸೂತ್ರ ಹೇಳುತ್ತದೆ. ಆ ಭಾರವು ಕಂಬದ ಪರಿಣಾಮಕಾರಿ ಉದ್ದದ, ಅಂದರೆ ತುದಿಗಳ ಹಿಡಿತಕ್ಕೆ ತಕ್ಕಂತೆ ಲೆಕ್ಕಕ್ಕೆ ಹಿಡಿಯುವ ಉದ್ದದ, ವರ್ಗಕ್ಕೆ ವಿಲೋಮವಾಗಿರುತ್ತದೆ. ಎರಡೂ ತುದಿಗಳು ಪಕ್ಕಕ್ಕೆ ಸರಿಯದೆ, ತಿರುಗಲು ಮಾತ್ರ ಸ್ವತಂತ್ರವಾಗಿದ್ದರೆ ಪರಿಣಾಮಕಾರಿ ಉದ್ದವು ನಿಜವಾದ ಉದ್ದಕ್ಕೆ ಸಮ. ಬುಡ ಬಿಗಿಯಾಗಿದ್ದು ಮೇಲ್ತುದಿ ಪೂರ್ತಿ ಸಡಿಲವಾಗಿದ್ದರೆ ಅದರ ಎರಡರಷ್ಟು. ವೆಲ್ಡಿಂಗ್‌ನವರು ಎರಡೂ ತುದಿಗೆ ಬೆಸುಗೆ ಹಾಕಿದ್ದೇವೆ, ಎರಡೂ ಬಿಗಿ ಎಂದು ನಂಬಿದ್ದರು. ನಾನು ಕಂಡದ್ದು ಬೇರೆ: ಬುಡದ ತಟ್ಟೆ ಕೇವಲ 6 ಮಿ.ಮೀ. ದಪ್ಪ, ಒಂದೇ ಸಾಲಿನಲ್ಲಿ ಎರಡು ಬೋಲ್ಟು. ಮೇಲೆ ಸಣ್ಣ ಆ್ಯಂಗಲ್‌ಗಳ ಚೌಕಟ್ಟು. ಓರೆಪಟ್ಟಿ ಒಂದೂ ಇರಲಿಲ್ಲ. ಬೆಸುಗೆ ಹಾಕಿದ ಮಾತ್ರಕ್ಕೆ ತುದಿ ಬಿಗಿಯಾಗುವುದಿಲ್ಲ, ಅದು ಸೇರಿರುವ ತೊಲೆಯೋ ತಟ್ಟೆಯೋ ತಾನೇ ಬಾಗದೆ ನಿಲ್ಲಬೇಕು. ಬುಡ ತಿರುಗುವಂತಿದ್ದು ಮೇಲ್ತುದಿ ಪಕ್ಕಕ್ಕೆ ಸರಿಯುವಂತಿದ್ದಾಗ ಉದ್ದದ ಗುಣಕ 2ಕ್ಕಿಂತ ಕಡಿಮೆಯಾಗದು. ಮೇಲಿನ ತೊಲೆ ಮೆದುವಾದಷ್ಟೂ ಅದು ಇನ್ನೂ ಏರುತ್ತದೆ.

ಈ ಪೈಪಿನ ರೇಡಿಯಸ್ ಆಫ್ ಗೈರೇಶನ್, ಅಂದರೆ ಲೋಹವು ನಡುವಿನಿಂದ ಎಷ್ಟು ದೂರ ಹರಡಿದೆ ಎಂಬುದರ ಅಳತೆ, ಸುಮಾರು 30 ಮಿ.ಮೀ. ಗುಣಕ 2 ಎಂದರೂ ಪರಿಣಾಮಕಾರಿ ಉದ್ದ 7200 ಮಿ.ಮೀ., ಅದನ್ನು ಈ 30ರಿಂದ ಭಾಗಿಸಿದಾಗ ಬರುವ ಸ್ಲೆಂಡರ್‌ನೆಸ್ ಅನುಪಾತ 240. ಸ್ಥಿರ ಭಾರ ಹೊರುವ ಕಂಬಕ್ಕೆ ಉಕ್ಕಿನ ಕಟ್ಟಡಗಳ ಭಾರತೀಯ ಮಾನದಂಡವಾದ ಐಎಸ್ 800:2007 ಇಟ್ಟಿರುವ ಮಿತಿ 180. ಗೋಡೆ ದಪ್ಪಗಿನ ಪೈಪು ಹಾಕಿದರೆ ಈ ಸಂಖ್ಯೆ ಇಳಿಯುವುದಿಲ್ಲ, ಏಕೆಂದರೆ ಹೊರ ವ್ಯಾಸ ಅಷ್ಟೇ ಇದ್ದು ಒಳಗಡೆ ಲೋಹ ಕೂಡಿದರೆ ಗೈರೇಶನ್ ತ್ರಿಜ್ಯ ತುಸು ಕಡಿಮೆಯೇ ಆಗುತ್ತದೆ.

ಅದೇ ದಿನ ತೂಗುಗುಂಡು ಬಿಟ್ಟು ಅಳೆದೆ. ಅರ್ಧ ತುಂಬಿದಾಗ, ಅಂದರೆ ಕಂಬಕ್ಕೆ ಸುಮಾರು 7 ಕಿಲೋನ್ಯೂಟನ್ ಇದ್ದಾಗ, ಮೇಲ್ತುದಿ 20 ಮಿ.ಮೀ. ಸರಿದಿತ್ತು, ನೀರು ಬಿಡಿಸಿ 1 ಕಿಲೋನ್ಯೂಟನ್ ಉಳಿದಾಗ 9 ಮಿ.ಮೀ. ವಾಲಿಕೆಯು ಭಾರದ ಅನುಪಾತದಲ್ಲಿ ಬೆಳೆಯುವುದಿಲ್ಲ, ಹೀಗೆ ಬೆಳೆಯುತ್ತದೆ:

```
d = d0 / (1 - P/Pcr)
```

ಇಲ್ಲಿ d ಎಂದರೆ ವಾಲಿಕೆ, d0 ಭಾರವೇ ಇಲ್ಲದಾಗಿನ ವಾಲಿಕೆ, P ಕಂಬದ ಮೇಲಿನ ಭಾರ, Pcr ಕಂಬ ಬಾಗಿ ಬೀಳುವ ಭಾರ. ಎರಡು ಅಳತೆಗಳನ್ನೂ ಇದರಲ್ಲಿ ಹಾಕಿ ಬಿಡಿಸಿದಾಗ Pcr ಸುಮಾರು 12 ಕಿಲೋನ್ಯೂಟನ್ ಬಂತು. ತುಂಬಿದ ಟ್ಯಾಂಕಿಗೆ ಬೇಕಾದದ್ದು 13. ಎರಡೇ ಅಳತೆಯಿಂದ ಬಂದ ಸ್ಥೂಲ ಅಂದಾಜೇ ಆದರೂ, ನನಗೆ ಅಷ್ಟು ಸಾಕಾಗಿತ್ತು. "ಗೌಡ್ರೇ, ಇದಕ್ಕೆ ಒಂದು ಕೊಡ ನೀರನ್ನೂ ಹಾಕಬೇಡಿ" ಎಂದೆ.

ಖಾಲಿ ಟ್ಯಾಂಕನ್ನು ಇಳಿಸಿ, ಚೈನ್ ಪುಲ್ಲಿಯಿಂದ ಸ್ಟ್ಯಾಂಡನ್ನು ನೇರಕ್ಕೆ ಎಳೆದು, ನಾಲ್ಕೂ ಮುಖಗಳಿಗೆ 40 ಮಿ.ಮೀ. ಆ್ಯಂಗಲ್‌ಗಳನ್ನು ಓರೆಯಾಗಿ, ಒಂದನ್ನೊಂದು ದಾಟುವಂತೆ ಕೂಡಿಸಿದೆವು. ಅವು ದಾಟುವ ಕಡೆಯಲ್ಲಿ ಬೆಸುಗೆ ಹಾಕಿಸಲು ಮರೆಯಲಿಲ್ಲ. ಇಲ್ಲದಿದ್ದರೆ ಓರೆಪಟ್ಟಿಯ ಬಿಡಿ ಉದ್ದ 4 ಮೀಟರ್ ಆಗಿ, ಅದರ ಅನುಪಾತ 500 ದಾಟುತ್ತಿತ್ತು. ನಡುವೆ ಹಿಡಿದ ಮೇಲೆ ಅದು ಸುಮಾರು 260. ಗಾಳಿಗೆ ಎಳೆತದಲ್ಲಷ್ಟೇ ಕೆಲಸ ಮಾಡುವ ಇಂಥ ಪಟ್ಟಿಗೆ ಮಿತಿ 350 ಇದೆ.

ಮೇಲ್ತುದಿ ಸರಿಯುವುದು ನಿಂತ ಕೂಡಲೇ ಕಂಬದ ಗುಣಕ 1ಕ್ಕೆ, ಅನುಪಾತ 120ಕ್ಕೆ ಇಳಿಯಿತು. ಬುಡವನ್ನು ಬಿಗಿ ಎಂದು ಎಣಿಸಿ 0.8 ತೆಗೆದುಕೊಳ್ಳಬಹುದಾಗಿತ್ತು, ಆದರೆ ಆ ತೆಳು ತಟ್ಟೆಯನ್ನು ನಂಬುವ ಮನಸ್ಸಾಗಲಿಲ್ಲ. ಅದೇ ಪೈಪಿನ ಆಯ್ಲರ್ ಭಾರ ಈಗ ಸುಮಾರು 147 ಕಿಲೋನ್ಯೂಟನ್. ಸೊಟ್ಟತನ ಮತ್ತು ಸುರಕ್ಷತೆಯ ಅಂಶಗಳನ್ನು ಕಳೆದರೂ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಉಳಿಯಿತು. ಮತ್ತೆ ಟ್ಯಾಂಕು ಏರಿಸಿ, ನೀರನ್ನು ಕಾಲು ಕಾಲು ಭಾಗ ತುಂಬಿಸುತ್ತ ಪ್ರತಿ ಹಂತದಲ್ಲೂ ತೂಗುಗುಂಡು ನೋಡಿದೆ. ಪೂರ್ತಿ ತುಂಬಿದಾಗ ನೂಲು ಗುರುತಿನಿಂದ ಸರಿದದ್ದು 1 ಮಿ.ಮೀ.