ಜಾಹೀರಾತು ಅಂತ ಮೊದಲ ಎರಡು ಸಾಲಲ್ಲೇ ಬರೆದೆ, ವ್ಯೂಸ್ ಬೀಳಲಿಲ್ಲ: ನನ್ನ ಅನುಭವ

ಸೋಮವಾರಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ತೋಟದ ಮಷಿನ್, ಸಲಕರಣೆ ಬಗ್ಗೆ ಯೂಟ್ಯೂಬ್‌ನಲ್ಲಿ ಕನ್ನಡದಲ್ಲಿ ವಿಡಿಯೋ ಮಾಡ್ತೀನಿ. ಬ್ರಷ್ ಕಟರ್, ಸ್ಪ್ರೇಯರ್, ಕಾಳುಮೆಣಸಿನ ತೇವಾಂಶ ನೋಡುವ ಮೀಟರ್, ಇಂಥದ್ದು. ಕೆಲವು ಮಷಿನ್ ಕಂಪನಿಯವರು ಸುಮ್ನೆ ಕೊಡುತ್ತಾರೆ, ಕೆಲವಕ್ಕೆ ದುಡ್ಡೂ ಕೊಡುತ್ತಾರೆ, ಉಳಿದವಕ್ಕೆ ಕಮಿಷನ್ ಲಿಂಕ್, ಅಂದರೆ ಆ ಲಿಂಕಿನಿಂದ ಯಾರಾದರೂ ಕೊಂಡರೆ ನನಗೆ ಒಂದಿಷ್ಟು ಕಾಸು. ಇದನ್ನೆಲ್ಲ ವಿಡಿಯೋ ಕೆಳಗಿನ ಡಿಸ್ಕ್ರಿಪ್ಷನ್ನಿನ ಮೊದಲ ಎರಡು ಸಾಲಲ್ಲೇ ಹೇಳಿಬಿಡ್ತೀನಿ ಅಂದಾಗ ಕುಶಾಲನಗರದ ಗೆಳೆಯ ನಕ್ಕ. ಅವನದ್ದೂ ಚಾನೆಲ್ ಇದೆ, ನನಗಿಂತ ದೊಡ್ಡದು. "ಮಾರಾಯ, ಜಾಹೀರಾತು ಅಂತ ಬಾಗಿಲಲ್ಲೇ ಬೋರ್ಡ್ ಹಾಕಿದ್ರೆ ಒಳಗೆ ಯಾರು ಬರ್ತಾರೆ?" ಅಂದ. ಈಗ ಅವನೇ ನನ್ನ ಸಾಲನ್ನು ಕಾಪಿ ಮಾಡ್ತಿದ್ದಾನೆ, ಅದಕ್ಕೇ ಬರೀತಿದ್ದೀನಿ.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಕೊನೆಯಲ್ಲೇ ಹಾಕ್ತಿದ್ದೆ. ಹತ್ತು ಹನ್ನೆರಡು ಲಿಂಕು, ಫೋನ್ ನಂಬರು, ಹ್ಯಾಶ್‌ಟ್ಯಾಗ್ ಎಲ್ಲ ಆದ ಮೇಲೆ ಒಂದು ಇಂಗ್ಲಿಷ್ ಸಾಲು. ಒಂದು ದಿನ ಬ್ರಷ್ ಕಟರ್ ವಿಡಿಯೋ ಕೆಳಗೆ ಒಬ್ಬರು ಬರೆದರು: "ಮಷಿನ್ ಫ್ರೀಯಾಗಿ ಬಂತು ಅಂತ ಹೇಳೋಕೆ ನಾಚಿಕೆನಾ?" ಬರೆದಿದ್ದೀನಲ್ಲ ಅಂತ ಜಗಳಕ್ಕೆ ಹೋದೆ, ಆಮೇಲೆ ಅಮ್ಮನ ಹಳೇ ಫೋನಿನಲ್ಲಿ ತೆಗೆದು ನೋಡಿದೆ. ಡಿಸ್ಕ್ರಿಪ್ಷನ್ ಬಿಡಿಸಿ, ನಾಲ್ಕು ಸಲ ಸ್ಕ್ರೋಲ್ ಮಾಡಿದ ಮೇಲೆ ನನ್ನ ಸಾಲು ಕಂಡಿತು. ಅವರು ಹೇಳಿದ್ದು ಸರಿಯೇ.

ನಿಯಮವೂ ಹಾಗೇ ಇದೆ. ನಮ್ಮ ದೇಶದ ಜಾಹೀರಾತು ಮಾನದಂಡ ಮಂಡಳಿ, ಅದೇ ಎಎಸ್‌ಸಿಐ, 2021ರಲ್ಲಿ ಮಾಡಿದ ಮಾರ್ಗಸೂಚಿ ಪ್ರಕಾರ ಈ ಮಾತು ಮೊದಲ ಎರಡು ಸಾಲಿನೊಳಗೆ, ನೋಡುವವರು ಏನನ್ನೂ ಒತ್ತದೆ ಕಾಣಬೇಕು. ಸುಮ್ನೆ ಕೊಟ್ಟ ಮಷಿನ್ನೂ ಲೆಕ್ಕಕ್ಕೆ ಬರುತ್ತದೆ. ಲೇಬಲ್ಲು ಇಂಗ್ಲಿಷ್ ಅಥವಾ ಜಾಹೀರಾತು ಇರುವ ಭಾಷೆಯಲ್ಲಿ ಇರಬೇಕು.

ಸರಿ, ಮೇಲಕ್ಕೆ ತರೋಣ ಅಂತ ಹೋಗಿ ದೊಡ್ಡ ತಪ್ಪು ಮಾಡಿದೆ. ಐದು ಸಾಲಿನ ವಕೀಲರ ಭಾಷೆಯ ಪ್ಯಾರಾ ಬರೆದು ಯೂಟ್ಯೂಬ್ ಸ್ಟುಡಿಯೋದ ಅಪ್‌ಲೋಡ್ ಡಿಫಾಲ್ಟ್‌ನಲ್ಲಿ ಹಾಕಿದೆ, ಅಲ್ಲಿ ಹಾಕಿದ್ದು ಪ್ರತಿ ಹೊಸ ವಿಡಿಯೋಗೂ ತಾನಾಗೇ ಬರುತ್ತದೆ. ಅಲ್ಲಿಗೆ ನಿಲ್ಲಿಸದೆ ಹಳೇ ಎಂಬತ್ತು ಚಿಲ್ಲರೆ ವಿಡಿಯೋಗಳಿಗೂ ಒಟ್ಟಿಗೇ ತಲೆ ಮೇಲೆ ಅಂಟಿಸಿದೆ. ಲ್ಯಾಪ್‌ಟಾಪಿನಲ್ಲಿ ಹುಡುಕಿದರೆ ಶೀರ್ಷಿಕೆ ಕೆಳಗೆ ಡಿಸ್ಕ್ರಿಪ್ಷನ್ನಿನ ತುಣುಕು ಕಾಣುತ್ತದಲ್ಲ, ನನ್ನ ಎಲ್ಲ ವಿಡಿಯೋಗೂ ಅಲ್ಲಿ ಒಂದೇ ಪ್ಯಾರಾ. ಕಪಾತು ಮಾಡೋದು ಹೇಗೆ ಅನ್ನುವ ವಿಡಿಯೋಗೂ ಅದೇ, ಅದರಲ್ಲಿ ಒಂದು ಲಿಂಕೂ ಇರಲಿಲ್ಲ! ದುಡ್ಡು ತಗೊಳ್ಳದ ವಿಡಿಯೋಗೂ ದುಡ್ಡು ತಗೊಂಡಿದ್ದೀನಿ ಅಂತ ನಾನೇ ಸಾರಿದ ಹಾಗಾಯ್ತು.

ಆರು ವಾರದಲ್ಲಿ ಹುಡುಕಿ ಬರುವವರು ನೂರಕ್ಕೆ ನಲವತ್ತರಿಂದ ಮೂವತ್ತರ ಕೆಳಗೆ ಇಳಿದರು. ಗೆಳೆಯ "ನಾನು ಹೇಳಿರಲಿಲ್ವಾ" ಅಂದ. ಆದರೆ ಆ ಲೆಕ್ಕದಲ್ಲಿ ಒಂದು ಮೋಸ ಇತ್ತು, ನನಗೆ ತಡವಾಗಿ ಹೊಳೆಯಿತು. ನಾನು ಬದಲಾಯಿಸಿದ್ದು ನವೆಂಬರಿನಲ್ಲಿ. ಮಳೆಗಾಲದ ಕಳೆ ಹೊಡೆದು ಮುಗಿಸಿ ಎಲ್ಲರೂ ಕೊಯ್ಲಿನ ತಯಾರಿಗೆ ಇಳಿದಾಗ ಬ್ರಷ್ ಕಟರ್ ಯಾರು ಹುಡುಕ್ತಾರೆ? ಅದಕ್ಕೆ ಹಿಂದಿನ ವರ್ಷದ ಅದೇ ತಿಂಗಳ ಪಕ್ಕ ಇಟ್ಟು ನೋಡಿದೆ. ಇಳಿದಿದ್ದು ನಿಜ, ಆದರೆ ಅರ್ಧಕ್ಕಿಂತ ಜಾಸ್ತಿ ಪಾಲು ಸೀಸನ್ನಿನದ್ದು. ನೀವು ಇಂಥ ಬದಲಾವಣೆ ಮಾಡಿದರೆ ಹಿಂದಿನ ತಿಂಗಳ ಜೊತೆ ಹೋಲಿಸಬೇಡಿ, ಹಿಂದಿನ ವರ್ಷದ ಜೊತೆ ಹೋಲಿಸಿ.

ಆಮೇಲೆ ಮಾಡಿದ್ದು ಇಷ್ಟೇ. ಸಾಲನ್ನು ಅಪ್‌ಲೋಡ್ ಡಿಫಾಲ್ಟ್‌ನಿಂದ ತೆಗೆದು ಪ್ರತಿ ವಿಡಿಯೋಗೂ ಕೈಯಲ್ಲೇ ಬರೆದೆ. ಜನ ಹುಡುಕುವ ಮಾತು ಮೊದಲು, ಅದರ ಬೆನ್ನಿಗೇ ಯಾರು ಕೊಟ್ಟರು ಅನ್ನೋದು, ಎರಡೂ ಒಂದೇ ಉಸಿರಿನಲ್ಲಿ:

```
ಕಾಫಿ ತೋಟದ ಕಳೆಗೆ ಈ ಬ್ರಷ್ ಕಟರ್ ಸರಿಯಾ?
ಜಾಹೀರಾತು: ಕಂಪನಿ ಸುಮ್ನೆ ಕೊಟ್ಟ ಮಷಿನ್. ಲಿಂಕಿಗೆ ಕಮಿಷನ್ ಇದೆ.
```

ಮೊದಲು "ಪ್ರಾಯೋಜಿತ" ಅಂತ ಬರೆದಿದ್ದೆ. ಅಮ್ಮ ಓದಿ "ಇದೇನು ಸರ್ಕಾರದ ಯೋಜನೆಯಾ?" ಅಂತ ಕೇಳಿದರು. ಅವತ್ತೇ ಅದನ್ನು ತೆಗೆದೆ. ಜಾಹೀರಾತು ಅಂದರೆ ಲೈನ್ ಮನೆಯ ಹುಡುಗರಿಗೂ ಗೊತ್ತು. "ಅಫಿಲಿಯೇಟ್" ಬದಲು "ಕಮಿಷನ್" ಅಂದಿದ್ದೂ ಅದಕ್ಕೇ. ಪ್ರತಿ ಸಲ ಅಮ್ಮನ ಫೋನಿನಲ್ಲಿ ನೋಡಿ, ಸಾಲು ಮಧ್ಯದಲ್ಲಿ ಕಡಿದುಹೋದರೆ ಮೊದಲ ಸಾಲನ್ನು ಚಿಕ್ಕದು ಮಾಡ್ತೀನಿ, ಜಾಹೀರಾತು ಅನ್ನುವ ಪದ ಮಾತ್ರ ಮುಟ್ಟಲ್ಲ. ಮೊದಲ ಸಾಲಿಗೆ ಮಾತು ಎಲ್ಲಿಂದ ಆರಿಸ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ, ಗೆಳೆಯನೂ ಇದನ್ನು ಓದ್ತಾನೆ.

ಕೆಳಗೆ ಲಿಂಕುಗಳ ಹತ್ತಿರ, ಕಮಿಷನ್ ಇರುವ ಲಿಂಕಿನ ಪಕ್ಕದಲ್ಲೇ "ಕಮಿಷನ್ ಲಿಂಕ್" ಅಂತ ಹಾಕ್ತೀನಿ. ಕಾಫಿ ಬೋರ್ಡಿನ ಪುಟಕ್ಕೋ, ಬ್ಲೇಡ್ ಸಿಗುವ ಊರಿನ ಅಂಗಡಿಯ ಮ್ಯಾಪಿಗೋ ಕೊಟ್ಟ ಲಿಂಕಿಗೆ ಏನೂ ಹಾಕಲ್ಲ. ಯಾವುದರಲ್ಲಿ ನನಗೆ ಕಾಸು, ಯಾವುದರಲ್ಲಿ ಇಲ್ಲ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಅಮೆಜಾನ್ ಲಿಂಕಿದ್ದರೆ ಅವರು ಕೇಳುವ `As an Amazon Associate I earn from qualifying purchases.` ಅನ್ನುವ ಸಾಲನ್ನು ಅದೇ ಲಿಂಕುಗಳ ತಲೆ ಮೇಲೆ ಹಾಗೇ ಇಡ್ತೀನಿ. ಅದನ್ನು ಮೊದಲ ಸಾಲಿಗೆ ತಂದರೆ ಕನ್ನಡ ವಿಡಿಯೋದ ತಲೆ ಮೇಲೆ ಇಂಗ್ಲಿಷ್ ಕೂರುತ್ತದೆ, ಓದುವವರೂ ಇಲ್ಲ. ಸ್ಟುಡಿಯೋದಲ್ಲಿ ಪೇಯ್ಡ್ ಪ್ರಮೋಷನ್ ಟಿಕ್ ಹಾಕೋದು ಬಿಡಬೇಡಿ, ಆದರೆ ಅದರ ಲೇಬಲ್ಲು ಶುರುವಿನ ಹತ್ತು ಸೆಕೆಂಡಿಗೆ ಮಾಯ, ಅದನ್ನೇ ನಂಬಿ ಕೂರಬೇಡಿ. ವಿಡಿಯೋ ಎರಡು ನಿಮಿಷ ಅಥವಾ ಅದಕ್ಕಿಂತ ಉದ್ದ ಇದ್ದರೆ, ಆ ಮಷಿನ್ ಬಗ್ಗೆ ಮಾತಾಡುವಷ್ಟು ಹೊತ್ತೂ ಪರದೆ ಮೇಲೆ ಜಾಹೀರಾತು ಅಂತ ಇರಬೇಕು ಅನ್ನೋದೂ ಎಎಸ್‌ಸಿಐ ಮಾತೇ.

ಮಧ್ಯೆ ಒಂದೆರಡು ಆಟ ಆಡಿದೆ. `#ಜಾಹೀರಾತು` ಅಂತ ಹ್ಯಾಶ್‌ಟ್ಯಾಗ್ ಹಾಕಿದೆ. ಡಿಸ್ಕ್ರಿಪ್ಷನ್ನಿನ ಹ್ಯಾಶ್‌ಟ್ಯಾಗಲ್ಲಿ ಮೂರರವರೆಗೆ ಶೀರ್ಷಿಕೆ ಹತ್ತಿರ ಬಂದು ಕೂರುತ್ತವೆ, ಅದರಲ್ಲಿ ಇದೂ ಒಂದಾಗಿ, ಒತ್ತಿದವರು ಯಾರದ್ದೋ ಸೀರೆ ಜಾಹೀರಾತಿಗೆ ಹೋದರು. ಹ್ಯಾಶ್ ತೆಗೆದು ಬರೀ ಪದ ಉಳಿಸಿದೆ. ಇನ್ನೊಂದು ಸಲ ಪ್ರಾಯೋಜಕರ ಭಾಗಕ್ಕೆ "ಜಾಹೀರಾತು" ಅಂತಲೇ ಚಾಪ್ಟರ್ ಹೆಸರಿಟ್ಟೆ, ಜನ ಅದನ್ನು ಹಾರಿಸಿ ಮುಂದೆ ಹೋದರು. "ಜಾಹೀರಾತು: ಬೆಲೆ ಎಷ್ಟು, ಯಾರು ಕೊಟ್ಟರು" ಅಂತ ಬದಲಿಸಿದ ಮೇಲೆ ಬೆಲೆ ಕೇಳೋಕೆ ನಿಂತರು. ಶಾರ್ಟ್ಸ್‌ನಲ್ಲಿ ಮಾತ್ರ ಈ ಲಿಂಕಿನ ತಲೆನೋವೇ ಇಲ್ಲ. 2023ರ ಆಗಸ್ಟ್ ಕೊನೆಯಿಂದ ಅಲ್ಲಿ ಡಿಸ್ಕ್ರಿಪ್ಷನ್ ಲಿಂಕ್ ಒತ್ತಿದರೂ ತೆರೆಯಲ್ಲ.

ದುಡ್ಡಿನ ಲೆಕ್ಕ ಹೇಳ್ತೀನಿ. ಒಂದು ಏಜೆನ್ಸಿಯವರು ಆ ಸಾಲು ಕೆಳಗೆ ಹಾಕಿ, ಇಲ್ಲಾಂದ್ರೆ ಬೇಡ ಅಂದರು. ಹನ್ನೆರಡು ಸಾವಿರ ಹೋಯ್ತು. ಅವತ್ತು ಹೊಟ್ಟೆ ಉರಿದಿದ್ದು ಸುಳ್ಳಲ್ಲ. ಕಮಿಷನ್ ಮೊದಲು ತಿಂಗಳಿಗೆ ಸಾವಿರದ ಎಂಟುನೂರು ಆಸುಪಾಸು ಇತ್ತು, ಕಳೆದ ಮಳೆಗಾಲದಲ್ಲಿ ಮೂರು ಸಾವಿರ ದಾಟಿತು. ಹುಡುಕಿ ಬರುವವರ ಪಾಲು ಹಳೇ ಜುಲೈನಷ್ಟೇ ಬಂದು ನಿಂತಿದೆ, ಕೂದಲೆಳೆ ಜಾಸ್ತಿಯೇ. ಕಮಿಷನ್ ಏರಿದ್ದು ಈ ಸಾಲಿನಿಂದಲೇ ಅಂತ ನಾನು ಹೇಳಲ್ಲ, ಆ ವರ್ಷ ಕೂಲಿಗೆ ಜನ ಸಿಗದೆ ಎಲ್ಲರೂ ಮಷಿನ್ ತಗೊಂಡರು. ಬೀಳಲಿಲ್ಲ, ಅಷ್ಟು ಹೇಳಬಲ್ಲೆ.

ಹಳೇ ವಿಡಿಯೋಗಳಿಂದ ಆ ಐದು ಸಾಲಿನ ಪ್ಯಾರಾ ಕೀಳೋದು ಇನ್ನೂ ಮುಗಿದಿಲ್ಲ. ಅಂಟಿಸಿದ್ದು ಒಂದೇ ಸಂಜೆ, ಆದರೆ ಹೊಸ ಸಾಲು ಪ್ರತಿಯೊಂದಕ್ಕೂ ಬೇರೆ. ಜುಲೈನಲ್ಲಿ ಕೂತರೆ ಕರೆಂಟ್ ಇಲ್ಲ, ಕರೆಂಟ್ ಇದ್ದ ದಿನ ನೆಟ್‌ವರ್ಕ್ ಇಲ್ಲ. ಇಪ್ಪತ್ಮೂರು ಬಾಕಿ ಇವೆ, ಕೊಯ್ಲು ಮುಗಿದ ಮೇಲೆ ನೋಡ್ತೀನಿ.