ಪ್ರೋಗ್ರೆಸ್ ಕಾರ್ಡಿನ ಷರಾ: ‘ಬೇಕು’ ಬಿಟ್ಟು ಬರೆದ ಅನುಭವ

‘ನಲವತ್ತು ಮಕ್ಕಳಿಗೆ ನಲವತ್ತು ಥರ ಯಾರು ಬರೀತಾ ಕೂತ್ಕೋತಾರೆ ಮೇಡಂ, ಪೇರೆಂಟ್ಸ್ ನೋಡೋದು ಮಾರ್ಕ್ಸ್ ಮಾತ್ರ’ ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರೇ ಈಗ ನನ್ನ ಹಳೆಯ ಕಾರ್ಡುಗಳ ಝೆರಾಕ್ಸ್ ಕೇಳುತ್ತಿದ್ದಾರೆ. ಕೊಟ್ಟಿಲ್ಲ. ಅದನ್ನು ನಕಲು ಮಾಡಿದರೆ ಮತ್ತೆ ಅದೇ ಕಥೆ, ನಲವತ್ತು ಮಕ್ಕಳಿಗೂ ಒಂದೇ ಸಾಲು. ಮಾಡಿದ್ದು ಹೇಗೆ ಅಂತ ಬೇಕಾದರೆ ಹೇಳುತ್ತೇನೆ.

ಮೊದಲು ದಂಡವಾದದ್ದರ ಲೆಕ್ಕ. ರೆಡಿಮೇಡ್ ಷರಾಗಳ ಒಂದು ಪಟ್ಟಿಯನ್ನು ದುಡ್ಡು ಕೊಟ್ಟು ತಂದಿದ್ದೆ, ಸುಮಾರು 400 ಸಾಲು ಇತ್ತು. ಓದಿದರೆ ಎಲ್ಲವೂ ಚಂದ, ಯಾವ ಮಗುವಿಗೆ ಅಂಟಿಸಿದರೂ ಕೂರುತ್ತದೆ. ಅದೇ ಅದರ ರೋಗ. ಆ ಸಲ ಅವಸರದಲ್ಲಿ ನಕಲು ಮಾಡುವಾಗ ಹುಡುಗಿಯ ಕಾರ್ಡಿನಲ್ಲಿ ‘ಬರೆಯುತ್ತಾನೆ’ ಅಂತ ಉಳಿದು, ಹತ್ತೋ ಹನ್ನೊಂದೋ ಕಾರ್ಡು ಮತ್ತೆ ಅಚ್ಚು ಹಾಕಿಸಿದ ಖರ್ಚು ನನ್ನ ಕೈಯಿಂದಲೇ ಹೋಯಿತು. ಕನ್ನಡದಲ್ಲಿ ಕ್ರಿಯಾಪದದ ಬಾಲದಲ್ಲೇ ಗಂಡು ಹೆಣ್ಣು ಕೂತಿರುತ್ತದೆ, ಹೆಸರೊಂದನ್ನು ಬದಲಿಸಿದರೆ ಸಾಲದು.

ಅದಾದ ಮೇಲೆ ನನ್ನದೇ ಹಳೆಯ ಷರಾಗಳನ್ನು ಮುಂದಿಟ್ಟುಕೊಂಡು ಕೆಂಪು ಪೆನ್ನು ಹಿಡಿದೆ. ‘ಇನ್ನೂ ಶ್ರಮ ಪಡಬೇಕು’, ‘ಓದಿನ ಕಡೆ ಗಮನ ಹರಿಸಬೇಕು’, ‘ಅಕ್ಷರ ಸುಧಾರಿಸಬೇಕು’. ನಾಲ್ಕರಲ್ಲಿ ಮೂರು ಷರಾ ‘ಬೇಕು’ ಎಂದೇ ಮುಗಿದಿದ್ದವು. ಈ ‘ಬೇಕು’ ಇದೆಯಲ್ಲ, ಯಾರು ಅನ್ನುವುದನ್ನು ಹೇಳದೆಯೇ ವಾಕ್ಯ ಮುಗಿಸಲು ಬಿಡುತ್ತದೆ. ಗಮನ ಹರಿಸಬೇಕಾದವರು ಯಾರು? ಮಗುವೋ, ಅಮ್ಮನೋ, ಟ್ಯೂಷನ್ನಿನವರೋ, ನಾನೋ? ಓದಿದ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಹೇಳಿದ್ದು ಅಂದುಕೊಳ್ಳುತ್ತಾರೆ. ಕೊನೆಗೆ ಏಟು ಬೀಳುವುದು ಮಗುವಿಗೆ. ಹಾಗಾಗಿ ಮೊದಲ ನಿಯಮ ಇದಾಯಿತು: ‘ಬೇಕು’ ಬಂದಲ್ಲೆಲ್ಲ ಗೆರೆ ಎಳೆದು, ಆ ಜಾಗದಲ್ಲಿ ಯಾರು, ಏನು, ವಾರಕ್ಕೆ ಎಷ್ಟು ಸಲ ಅಂತ ಬರೆಯುವುದು. ಬರೆಯಲು ಬರದಿದ್ದರೆ ಆ ಮಗುವಿನ ಬಗ್ಗೆ ನನಗೇ ಗೊತ್ತಿಲ್ಲ ಅಂತ ಅರ್ಥ. ನೋಟ್ ಬುಕ್ಕಿಗೆ ವಾಪಸ್ ಹೋಗುವುದೇ ದಾರಿ.

ಒಂದೇ ಒಂದು ಕಾರ್ಡನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ. ಹಳೆಯ ಷರಾ: ‘ಗಣಿತದಲ್ಲಿ ಗಮನ ಸಾಲದು. ಹೆಚ್ಚು ಅಭ್ಯಾಸ ಮಾಡಬೇಕು.’ ಹುಡುಗನ ಉತ್ತರ ಪತ್ರಿಕೆ ತೆಗೆದು ತಪ್ಪುಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿದೆ. 52ರಲ್ಲಿ 27 ಕಳೆದು 35 ಅಂತ ಬರೆದಿದ್ದ. 403ರಲ್ಲಿ 168 ಕಳೆದು 365. ಸರಿ ಉತ್ತರ 25 ಮತ್ತು 235. ಸ್ವಲ್ಪ ಹೊತ್ತು ದಿಟ್ಟಿಸಿದರೆ ಗುಟ್ಟು ಬಿಡುತ್ತದೆ: ಯಾವ ಸ್ಥಾನದಲ್ಲೇ ಆಗಲಿ, ಮೇಲಿರಲಿ ಕೆಳಗಿರಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಾನೆ. 8ರಿಂದ 3 ಹೋದರೆ 5, 6ರಿಂದ ಸೊನ್ನೆ ಹೋದರೆ 6, 4ರಿಂದ 1 ಹೋದರೆ 3. ಸಾಲ ತರಬೇಕಾದ ಲೆಕ್ಕಗಳಲ್ಲೆಲ್ಲ ಇದೇ ತಪ್ಪು, ಸಾಲ ಬೇಡದ ಲೆಕ್ಕಗಳೆಲ್ಲ ಸರಿ. ಗಮನ ಸಾಲದವನು ಹೀಗೆ ಒಂದೇ ತಪ್ಪನ್ನು ಅಷ್ಟು ಶಿಸ್ತಾಗಿ ಮಾಡುವುದಿಲ್ಲ. ಇವನು ಗಮನವಿಟ್ಟೇ ತಪ್ಪು ಮಾಡುತ್ತಿದ್ದ. ಅಂದರೆ ನನ್ನ ಷರಾ ಬರೀ ಮೊಂಡು ಅಲ್ಲ, ಸುಳ್ಳು. ಆ ಷರಾ ನಂಬಿ ಮನೆಯವರು ದಿನಾ ಇಪ್ಪತ್ತು ಲೆಕ್ಕ ಮಾಡಿಸಿದರೆ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೆ.

ತಿದ್ದಿದ ಮೊದಲ ಕರಡು ಹೀಗಿತ್ತು: ‘ಸಂಕಲನದಲ್ಲಿ ಪ್ರಭುತ್ವ ಹೊಂದಿದ್ದಾನೆ. ದಶಕ ಸಹಿತ ವ್ಯವಕಲನದಲ್ಲಿ ಸ್ಥಾನಬೆಲೆಯ ಪರಿಕಲ್ಪನೆ ದೃಢಗೊಳ್ಳಬೇಕಿದೆ.’ ಇನ್ಸ್‌ಪೆಕ್ಷನ್ನಿಗೆ ಬಂದವರು ಮೆಚ್ಚುವಂಥದ್ದು. ಅಮ್ಮ ಅಪ್ಪನಿಗೆ ಇದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಅದೂ ಅಲ್ಲದೆ ‘ಬೇಕು’ ವೇಷ ಹಾಕಿಕೊಂಡು ‘ಬೇಕಿದೆ’ ಆಗಿ ಒಳಗೆ ಬಂದಿತ್ತು.

ಎರಡನೆಯ ಕರಡು ಹನ್ನೊಂದು ಸಾಲಾಯಿತು. ಕಾರ್ಡಿನ ಚೌಕದಲ್ಲಿ ಹಿಡಿಯುವುದು ನಾಲ್ಕೈದು ಸಾಲು, ಅಷ್ಟು ಸಣ್ಣಕ್ಷರವನ್ನು ಯಾರೂ ಓದುವುದಿಲ್ಲ. ಮೂರನೆಯದು ಉಳಿಯಿತು:

‘ಕೂಡುವ ಲೆಕ್ಕ ಸರಿಯಾಗಿ ಮಾಡುತ್ತಾನೆ. ಕಳೆಯುವಾಗ ಮೇಲಿನ ಅಂಕಿ ಚಿಕ್ಕದಿದ್ದರೆ ಪಕ್ಕದಿಂದ ಸಾಲ ತರದೆ, ಕೆಳಗಿನದರಲ್ಲೇ ಮೇಲಿನದನ್ನು ಕಳೆದುಬಿಡುತ್ತಾನೆ (52 - 27 = 35). ತರಗತಿಯಲ್ಲಿ ಹತ್ತು ಹತ್ತು ಕಡ್ಡಿಗಳ ಕಟ್ಟು ಬಿಚ್ಚಿಸಿ ಇದನ್ನೇ ಮಾಡಿಸುತ್ತಿದ್ದೇನೆ. ಮನೆಯಲ್ಲಿ ವಾರಕ್ಕೆ ಎರಡು ದಿನ ಐದೈದು ಲೆಕ್ಕ ಸಾಕು. ಬಂದ ಉತ್ತರಕ್ಕೆ ಕೆಳಗಿನ ಸಂಖ್ಯೆ ಕೂಡಿಸಿ ನೋಡಲು ಹೇಳಿ.’

ಕೊನೆಯ ವಾಕ್ಯಕ್ಕೇ ಹೆಚ್ಚು ಹೊತ್ತು ಹಿಡಿದದ್ದು. 35ಕ್ಕೆ 27 ಕೂಡಿಸಿದರೆ 62 ಬರುತ್ತದೆ, ಇರಬೇಕಾದದ್ದು 52. ಎಲ್ಲೋ ತಪ್ಪಿದೆ ಅಂತ ಹುಡುಗನಿಗೇ ಕಾಣುತ್ತದೆ, ದೊಡ್ಡವರು ಬೈದು ಹೇಳಬೇಕಾಗಿಲ್ಲ. ಸಾಲ ತರುವ ಕ್ರಮ ಮರೆತಿರುವ ಅಪ್ಪನೂ ಪಕ್ಕದಲ್ಲಿ ಕೂರಬಹುದು. ಮನೆಗೆ ಕೊಡುವ ಕೆಲಸ ಪಾಲಕರಿಗೆ ಪಾಠ ಮಾಡಲು ಬರುತ್ತದೆ ಅಂತ ನಂಬಿಕೊಂಡು ನಿಂತಿದ್ದರೆ ಅದು ನಡೆಯುವುದಿಲ್ಲ. ‘ದಿನಾ ಒಂದು ಗಂಟೆ ಓದಿಸಿ’ ಅಂತ ಬರೆದ ಕಾಲವೂ ಇತ್ತು. ಮಾಡಿದೆವು ಅಂತ ಹೇಳಿದ ಒಂದು ಮನೆಯೂ ನೆನಪಿಲ್ಲ. ಹತ್ತು ನಿಮಿಷದೊಳಗೆ ಮುಗಿಯುವ, ಮುಗಿದದ್ದು ಗೊತ್ತಾಗುವ ಕೆಲಸ ಕೊಟ್ಟ ಮೇಲೆ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಏನೋ ಒಂದು ನಡೆಯಿತು, ಮೀಟಿಂಗಿಗೆ ಬಂದು ಅವರೇ ಹೇಳಿದರು.

ಇನ್ನು ಮೃದುವಾಗಿ ಬರೆಯುವ ವಿಷಯ. ಇಲ್ಲಿ ನಾನು ಎರಡು ಕಡೆಗೂ ಬಿದ್ದಿದ್ದೇನೆ. ಹೊಗಳಿಕೆ, ನಡುವೆ ಕಹಿ, ಮತ್ತೆ ಹೊಗಳಿಕೆ ಅಂತ ಒಂದು ಅವಧಿ ಬರೆದೆ. ಓದಿದವರು ಎರಡು ತುದಿಯ ಸಿಹಿಯನ್ನಷ್ಟೇ ತಿಂದು, ಎಲ್ಲ ಚೆನ್ನಾಗಿದೆಯಲ್ಲ ಅಂತ ಕಾರ್ಡು ಮಡಚಿಟ್ಟರು. ಮುಂದಿನ ಅವಧಿಗೆ ‘ಚುರುಕಾಗಿದ್ದಾಳೆ, ಆದರೆ’ ಅಂತ ಶುರು ಮಾಡಿದೆ. ‘ಆದರೆ’ ಬಂದ ಕೂಡಲೇ ಅದರ ಹಿಂದಿನದೆಲ್ಲ ಬರೀ ಮುನ್ನುಡಿಯಾಗಿಬಿಡುತ್ತದೆ, ಮನೆಯಲ್ಲಿ ಗಟ್ಟಿಯಾಗಿ ಓದುವುದು ಅದರ ಮುಂದಿನದನ್ನು. ಈಗ ‘ಆದರೆ’ ಇದ್ದಲ್ಲಿ ಪೂರ್ಣವಿರಾಮ. ಎರಡು ಸಂಗತಿ, ಎರಡು ವಾಕ್ಯ, ಒಂದು ಇನ್ನೊಂದನ್ನು ಹೊಡೆಯುವುದಿಲ್ಲ.

‘ಓದಲು ಬರುವುದಿಲ್ಲ’ ಅನ್ನುವುದನ್ನು ‘ಓದುವುದರಲ್ಲಿ ಸುಧಾರಣೆಗೆ ಅವಕಾಶವಿದೆ’ ಅಂತ ಹತ್ತಿಯಲ್ಲಿ ಸುತ್ತಿ ಕೊಡುವುದು ದಯೆಯಲ್ಲ, ಜಾರಿಕೊಳ್ಳುವುದು. ಅಂಥ ಒಬ್ಬ ಹುಡುಗಿಯನ್ನು ಕೂರಿಸಿಕೊಂಡು ಅರ್ಧ ಪುಟ ಓದಿಸಿದರೆ ಗೊತ್ತಾಗುವುದೇ ಬೇರೆ: ‘ಮರ, ಕಿಟಕಿ, ಗಿಳಿ’ ಸಲೀಸು, ಒತ್ತಕ್ಷರ ಬಂದರೆ ನಿಲ್ಲುತ್ತಾಳೆ, ‘ಪುಸ್ತಕ’ ಹೋಗಿ ‘ಪುಸತಕ’ ಆಗುತ್ತದೆ. ಷರಾದಲ್ಲಿ ಬರೆದದ್ದೂ ಅಷ್ಟೇ: ‘ಕಾಗುಣಿತದ ಪದಗಳನ್ನು ತಡವರಿಸದೆ ಓದುತ್ತಾಳೆ. ಈಗ ಒತ್ತಕ್ಷರದ ಹಂತದಲ್ಲಿದ್ದಾಳೆ. ಪುಸ್ತಕವನ್ನು ಪುಸತಕ ಎನ್ನುತ್ತಾಳೆ. ದಿನಕ್ಕೆ ಮೂರು ಒತ್ತಕ್ಷರದ ಪದ ಬರೆದು, ಒತ್ತಿಗೆ ಬಣ್ಣ ಹಚ್ಚಿಸಿ ಓದಿಸಿ.’ ಕಹಿ ಅಷ್ಟೇ ಇದೆ. ಮಗು ಎಲ್ಲಿ ನಿಂತಿದೆ ಅನ್ನುವುದು ಕಂಡರೆ ಮನೆಯವರಿಗೆ ಸಿಟ್ಟು ಬರುವುದು ಕಡಿಮೆ, ಇದು ನಾನು ನೋಡಿದ್ದು.

ಒಂದು ಎಚ್ಚರಿಕೆ. ಇಂಥ ತೊಂದರೆ ತಿಂಗಳುಗಟ್ಟಲೆ ಕದಲದೆ ನಿಂತಿದ್ದರೆ ಅದರ ಹೆಸರು ಇಂಥದ್ದಿರಬಹುದು ಅಂತ ಕಾರ್ಡಿನಲ್ಲಿ ಬರೆಯುವಂತಿಲ್ಲ. ನಾವು ಡಾಕ್ಟರಲ್ಲ. ಕಂಡದ್ದನ್ನಷ್ಟೇ ಬರೆದು, ಕಾರ್ಡು ಕೈಗೆ ಹೋಗುವ ಮುಂಚೆ ಕರೆದು ಕೂತು ಮಾತಾಡುವುದು. ದೊಡ್ಡ ಸುದ್ದಿ ಯಾವುದೂ ಕಾರ್ಡಿನಲ್ಲೇ ಮೊದಲು ಗೊತ್ತಾಗಬಾರದು.

ನಡತೆಯ ಷರಾ ಇನ್ನೂ ಕಷ್ಟ. ‘ತರಗತಿಯಲ್ಲಿ ಮಾತು ಜಾಸ್ತಿ’ ಅಂತ ಇಬ್ಬರು ಹುಡುಗರಿಗೆ ಬರೆದಿದ್ದೆ. ಮೂರು ದಿನ ಮಾತು ಶುರುವಾಗುವ ಹೊತ್ತನ್ನಷ್ಟೇ ಗುರುತು ಮಾಡಿಕೊಂಡೆ. ಒಬ್ಬನದು ಕೆಲಸ ಮುಗಿಸಿದ ಮೇಲೆ. ಇನ್ನೊಬ್ಬನದು ಕೆಲಸ ಶುರು ಮಾಡುವ ಮುಂಚೆ, ಪ್ರಶ್ನೆ ಅರ್ಥವಾಗದೆ ಪಕ್ಕದವನನ್ನು ಕೇಳುತ್ತಿದ್ದ. ಮೊದಲನೆಯವನಿಗೆ ಹೆಚ್ಚಿನ ಕೆಲಸ ಕೊಡಬೇಕಾದದ್ದು ನನ್ನ ಪಾಡು, ಕಾರ್ಡಿಗೆ ಹೋಗುವಂಥದ್ದೇನಿಲ್ಲ. ಎರಡನೆಯವನ ಕಾರ್ಡಿನಲ್ಲಿ, ಹೋಂವರ್ಕ್ ಶುರು ಮಾಡುವ ಮುಂಚೆ ಪ್ರಶ್ನೆ ಏನು ಕೇಳುತ್ತಿದೆ ಅಂತ ಅವನ ಮಾತಿನಲ್ಲೇ ಹೇಳಿಸಿ ಅಂತ ಬರೆದೆ. ಷರಾ ಒಂದೇ ಇದ್ದರೂ ಮಕ್ಕಳು ಬೇರೆ ಬೇರೆ.

ಇಷ್ಟೆಲ್ಲ ನೋಡಲು ಸಮಯ ಎಲ್ಲಿದೆ ಅನ್ನುವುದು ಎಲ್ಲರ ಮೊದಲ ಪ್ರಶ್ನೆ. ಕಾರ್ಡು ಬರೆಯುವ ವಾರದಲ್ಲಿ ಕೂತರೆ ಖಂಡಿತ ಇಲ್ಲ. ದಿನಕ್ಕೆ ಐದು ಮಕ್ಕಳ ಹೆಸರಿಟ್ಟುಕೊಂಡು, ಅವರ ನೋಟ್ ಬುಕ್ ತಿದ್ದುವಾಗ ಒಬ್ಬೊಬ್ಬರಿಗೆ ಒಂದು ಸಾಲು ನನ್ನದೇ ಒಂದು ಪುಸ್ತಕದಲ್ಲಿ ಗೀಚಿಕೊಂಡರೆ ನಲವತ್ತು ಮಕ್ಕಳು ಎಂಟು ದಿನಕ್ಕೆ ಮುಗಿಯುತ್ತಾರೆ. ಒಂದು ಅವಧಿಯಲ್ಲಿ ಮೂರು ಸುತ್ತು ಆದರೂ ಸಾಕು. ಗುಣ ಬರೆಯುವುದಿಲ್ಲ, ತಪ್ಪನ್ನು ಇದ್ದ ಹಾಗೇ ಇಳಿಸಿಕೊಳ್ಳುತ್ತೇನೆ: ‘ಪುಸತಕ’, ‘52-27=35’. ಆ ಪುಸ್ತಕದ ಅಂಚಿನಲ್ಲಿ ನಾನು ಹಾಕುವ ಮೂರು ಗುರುತುಗಳಿವೆ, ಬರೆಯುವ ವೇಗ ಬರುವುದು ಅವುಗಳಿಂದಲೇ. ಅವನ್ನು ಇಲ್ಲಿ ಬಿಡಿಸುವುದಿಲ್ಲ, ಪ್ರತಿಯೊಬ್ಬರೂ ತಮ್ಮದೇ ಕಟ್ಟಿಕೊಳ್ಳುವಂಥವು ಅವು. ಮೊದಲ ಸಲ ಒಂದು ಕಾರ್ಡಿಗೆ ಹದಿನೈದು ನಿಮಿಷ ಹತ್ತಿರ ಹಿಡಿಯಿತು, ಈಗ ಐದಾರು ನಿಮಿಷ.

ಬರೆದಾದ ಮೇಲೆ ಒಂದು ಪರೀಕ್ಷೆ. ಹತ್ತು ಕಾರ್ಡಿನ ಹೆಸರು ಮುಚ್ಚಿ, ಅದೇ ತರಗತಿಗೆ ಪಾಠ ಮಾಡುವ ಇನ್ನೊಬ್ಬರಿಗೆ ಓದಲು ಕೊಡುತ್ತೇನೆ. ಮಗು ಯಾರು ಅಂತ ಅವರು ಗುರುತಿಸದಿದ್ದರೆ ಆ ಷರಾ ವಾಪಸ್. ಹಳೆಯ ಷರಾಗಳಲ್ಲಿ ಗುರುತಿಸಿದ್ದು ಹತ್ತರಲ್ಲಿ ಒಂದೋ ಎರಡೋ, ಹೊಸದರಲ್ಲಿ ಏಳೆಂಟು.

ಇದರ ಮಧ್ಯೆ ಇನ್ನೊಂದು ಹುಚ್ಚೂ ಮಾಡಿದೆ: ಮಕ್ಕಳಿಂದಲೇ ಅವರವರ ಷರಾ ಬರೆಸಿದೆ. ಹೆಚ್ಚಿನವರು ‘ನಾನು ಚೆನ್ನಾಗಿ ಓದಬೇಕು’ ಅಂತಲೇ ಬರೆದುಕೊಟ್ಟರು. ಕಲಿಸಿದ್ದು ನಾವೇ ತಾನೇ. ‘ನಿನಗೆ ಈಗ ಬರುವ, ಹೋದ ತಿಂಗಳು ಬಾರದಿದ್ದ ಒಂದು ಲೆಕ್ಕ ಬರೆ’ ಅಂತ ಪ್ರಶ್ನೆ ಬದಲಿಸಿದ ಮೇಲೆ ಮಾತ್ರ ಉಪಯೋಗಕ್ಕೆ ಬರುವ ಸಾಲುಗಳು ಸಿಕ್ಕವು, ಕೆಲವನ್ನು ಹಾಗೇ ಕಾರ್ಡಿಗೆ ಹಾಕಿದೆ.

ಇನ್ನೂ ಕೈಗೆ ಬಗ್ಗದೆ ಉಳಿದಿರುವುದು ನೂರಕ್ಕೆ 98 ತೆಗೆಯುವ ಮಕ್ಕಳ ಕಾರ್ಡು. ಹೆಚ್ಚುಕಡಿಮೆ ತಪ್ಪೇ ಇಲ್ಲದ ಪತ್ರಿಕೆಯಿಂದ ಏನು ಇಳಿಸಿಕೊಳ್ಳುವುದು? ‘ಅತ್ಯುತ್ತಮ, ಹೀಗೇ ಮುಂದುವರಿಯಲಿ’ ಅಂತ ಕೈ ತಾನಾಗಿ ಬರೆದುಬಿಡುತ್ತದೆ. ಅಂಥವರಿಗೆ ಈಗ ಕಲಿಸದ ಬಗೆಯ ಒಂದು ಲೆಕ್ಕ ಕೊಟ್ಟು, ಸಿಕ್ಕಿಬಿದ್ದಾಗ ಏನು ಮಾಡುತ್ತಾರೆ ಅಂತ ನೋಡುತ್ತಿದ್ದೇನೆ: ಚಿತ್ರ ಬರೆಯುತ್ತಾರೋ, ಚಿಕ್ಕ ಸಂಖ್ಯೆ ಹಾಕಿ ನೋಡುತ್ತಾರೋ, ಪೆನ್ಸಿಲ್ ಕೆಳಗಿಡುತ್ತಾರೋ. ಹೋದ ಸಲ ನಾಲ್ವರಲ್ಲಿ ಇಬ್ಬರು ಪೆನ್ಸಿಲ್ ಕೆಳಗಿಟ್ಟರು. ಆ ಇಬ್ಬರ ಕಾರ್ಡನ್ನು ಈ ಸಲ ಎಲ್ಲರಿಗಿಂತ ಮೊದಲು ಬರೆಯಲು ಎತ್ತಿಟ್ಟಿದ್ದೇನೆ.